ಒಂದೇ ಒಂದು ಮೂಲ ಇದೆ ಎಂದು ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತೆಲ್ಲ ಒಂದೇ ಸಮೀಕರಣದ ಸುತ್ತ ನಡೆಯುತ್ತದೆ. ಮೊದಲು ಅದನ್ನು ಬೋರ್ಡಿನ ಮೇಲೆ ಬರೆದುಬಿಡುತ್ತೇನೆ.

x³ + 2x − 5 = 0

ನಾವು ಸಾಧಿಸಬೇಕಾದದ್ದು ಇಷ್ಟೇ: ಈ ಸಮೀಕರಣಕ್ಕೆ ವಾಸ್ತವ ಸಂಖ್ಯೆಗಳಲ್ಲಿ ಸರಿಯಾಗಿ ಒಂದೇ ಒಂದು ಮೂಲ ಇದೆ. ಆ ಮೂಲ ಎಷ್ಟು ಎಂದು ಯಾರೂ ಕೇಳಿಲ್ಲ. ಎಷ್ಟು ಮೂಲಗಳಿವೆ ಎನ್ನುವುದಷ್ಟೇ ಪ್ರಶ್ನೆ. ಬಿಡಿಸದೆಯೇ ಎಣಿಸಬೇಕು.

ಗ್ರಾಫ್ ಬರೆದು ನೋಡಿದರೆ ಆಯ್ತಲ್ವಾ ಎಂದು ಅನ್ನಿಸಬಹುದು. ಗ್ರಾಫ್ ಅಡ್ಡರೇಖೆಯನ್ನು ಒಂದೇ ಕಡೆ ದಾಟುವುದು ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಪರದೆಯ ಮೇಲೆ ಕಾಣುವುದು ಒಂದು ತುಂಡು ಮಾತ್ರ. ಆ ತುಂಡಿನಲ್ಲೂ ಗೆರೆ ಅಡ್ಡರೇಖೆಯ ಹತ್ತಿರ ಸುಳಿದಾಗ, ಅದು ಮುಟ್ಟಿತೋ, ದಾಟಿತೋ, ಕೂದಲೆಳೆಯಷ್ಟು ಕೆಳಗೇ ಉಳಿಯಿತೋ ಎಂದು ಕಣ್ಣು ತೀರ್ಮಾನಿಸಲಾರದು. ಹಾಗಾಗಿ ಗ್ರಾಫ್ ನಮಗೆ ಊಹೆ ಕೊಡುತ್ತದೆ. ಸಾಧನೆಯನ್ನು ನಾವೇ ಕಟ್ಟಬೇಕು.

"ಸರಿಯಾಗಿ ಒಂದು" ಎನ್ನುವ ಮಾತಿನೊಳಗೆ ಎರಡು ಹೇಳಿಕೆಗಳಿವೆ. ಕನಿಷ್ಠ ಒಂದು ಮೂಲ ಇದೆ ಎನ್ನುವುದು ಒಂದು. ಒಂದಕ್ಕಿಂತ ಜಾಸ್ತಿ ಇಲ್ಲ ಎನ್ನುವುದು ಇನ್ನೊಂದು. ಇವೆರಡಕ್ಕೂ ಬೇರೆ ಬೇರೆ ಸಾಧನ ಬೇಕು. ಮೊದಲನೆಯದಕ್ಕೆ ಮಧ್ಯಮ ಮೌಲ್ಯ ಪ್ರಮೇಯ, ಎರಡನೆಯದಕ್ಕೆ ರೋಲ್ ಪ್ರಮೇಯ. ಪರೀಕ್ಷೆಯ ಉತ್ತರಗಳಲ್ಲಿ ಹೆಚ್ಚಾಗಿ ಜಾರುವುದು ಇಲ್ಲಿಯೇ. ಒಂದನ್ನು ಸಾಧಿಸಿ, ಎರಡೂ ಆಯಿತೆಂದು ಬರೆದುಬಿಡುತ್ತಾರೆ.

ಮೊದಲ ಅರ್ಧದಿಂದ ಶುರು ಮಾಡೋಣ. f(x) = x³ + 2x − 5 ಎಂದು ಇಟ್ಟುಕೊಳ್ಳಿ. x ಜಾಗದಲ್ಲಿ 1 ಹಾಕಿದರೆ f(1) = 1 + 2 − 5 = −2. x ಜಾಗದಲ್ಲಿ 2 ಹಾಕಿದರೆ f(2) = 8 + 4 − 5 = 7. ಒಂದು ಕಡೆ ಋಣ, ಇನ್ನೊಂದು ಕಡೆ ಧನ. ಬಹುಪದೋಕ್ತಿ ಎಲ್ಲೂ ಕಡಿಯದೆ ಸಾಗುವ ಫಂಕ್ಷನ್, ಅಂದರೆ ನಿರಂತರ. ಅದು −2ರಿಂದ 7ಕ್ಕೆ ಹೋಗಬೇಕಾದರೆ ನಡುವೆ ಎಲ್ಲೋ 0 ಆಗಲೇಬೇಕು. ಇದೇ ಮಧ್ಯಮ ಮೌಲ್ಯ ಪ್ರಮೇಯ. 1 ಮತ್ತು 2ರ ನಡುವೆ ಕನಿಷ್ಠ ಒಂದು ಮೂಲ ಸಿಕ್ಕಿತು.

ಇದು ಎಷ್ಟು ಸಹಜವಾಗಿ ಕಾಣುತ್ತದೆ ಎಂದರೆ, ಇದಕ್ಕೆ ಸಾಧನೆ ಬೇಕೆಂದೇ ಬಹಳ ಕಾಲ ಹೆಚ್ಚಿನವರಿಗೆ ಅನ್ನಿಸಿರಲಿಲ್ಲ. 1817ರಲ್ಲಿ ಪ್ರಾಗ್ ನಗರದ ಬರ್ನಾರ್ಡ್ ಬೊಲ್ಜಾನೊ ಇದನ್ನು ಚಿತ್ರದ ನೆರವಿಲ್ಲದೆ ಸಾಧಿಸಲು ಕೂತರು. ಅವರ ಕಾಳಜಿ ಎಷ್ಟು ಸರಿ ಎನ್ನುವುದಕ್ಕೆ ನಮ್ಮ ಸಮೀಕರಣವೇ ಸಾಕ್ಷಿ. ಸ್ವಲ್ಪ ಹೊತ್ತು ಭಿನ್ನರಾಶಿಗಳನ್ನು ಮಾತ್ರ ಇಟ್ಟುಕೊಂಡು, ಉಳಿದ ಸಂಖ್ಯೆಗಳೇ ಇಲ್ಲ ಎಂದುಕೊಳ್ಳಿ. x³ + 2x − 5ಕ್ಕೆ ಭಿನ್ನರಾಶಿಯ ಮೂಲ ಇದ್ದರೆ, ಮೊದಲ ಪದದ ಗುಣಕ 1 ಆಗಿರುವುದರಿಂದ ಅದು ಪೂರ್ಣಾಂಕವೇ ಆಗಿರಬೇಕು, ಅದೂ 5ನ್ನು ಭಾಗಿಸುವ ಪೂರ್ಣಾಂಕ. ಅಂದರೆ 1, −1, 5, −5 ಇಷ್ಟೇ ಅಭ್ಯರ್ಥಿಗಳು. ಹಾಕಿ ನೋಡಿದರೆ ಕ್ರಮವಾಗಿ −2, −8, 130, −140 ಬರುತ್ತವೆ. ಯಾವುದೂ 0 ಅಲ್ಲ. ಹಾಗಾದರೆ ಭಿನ್ನರಾಶಿಗಳ ಲೋಕದಲ್ಲಿ ಇದೇ ಫಂಕ್ಷನ್ −2ರಿಂದ 7ಕ್ಕೆ ಹೋಗುತ್ತದೆ, ಆದರೆ ನಡುವೆ ಎಲ್ಲೂ 0 ಆಗುವುದಿಲ್ಲ! ಸೂತ್ರ ಅದೇ, ಲೆಕ್ಕ ಅದೇ. ಸಂಖ್ಯೆಗಳ ಸಾಲಿನಲ್ಲಿ ಬಿರುಕುಗಳಿವೆ, ಮೂಲ ಒಂದು ಬಿರುಕಿನೊಳಗೆ ಬಿದ್ದುಹೋಗಿದೆ. ವಾಸ್ತವ ಸಂಖ್ಯೆಗಳಲ್ಲಿ ಆ ಬಿರುಕುಗಳಿಲ್ಲ. ಮಧ್ಯಮ ಮೌಲ್ಯ ಪ್ರಮೇಯ ನಿಂತಿರುವುದು ಅದರ ಮೇಲೆ.

ಹೇಗೆ ನಿಂತಿದೆ ಎಂದು ಕೈಯಾರೆ ಮಾಡಿ ನೋಡೋಣ. 1 ಮತ್ತು 2ರ ಮಧ್ಯ 1.5. ಅಲ್ಲಿ f ಬೆಲೆ 1.375, ಧನ. ಆದ್ದರಿಂದ ಚಿಹ್ನೆ ಬದಲಾಗುವುದು 1 ಮತ್ತು 1.5ರ ನಡುವೆ. ಅದರ ಮಧ್ಯ 1.25ರಲ್ಲಿ ಸುಮಾರು −0.547, ಋಣ. ಈಗ 1.25 ಮತ್ತು 1.5ರ ನಡುವೆ. 1.375ರಲ್ಲಿ ಸುಮಾರು 0.350, ಧನ. ಹೀಗೆ ಪ್ರತಿ ಸಲ ಅರ್ಧ ಮಾಡುತ್ತಾ ಹೋದರೆ, ಎಡತುದಿಯಲ್ಲಿ ಯಾವಾಗಲೂ ಋಣ, ಬಲತುದಿಯಲ್ಲಿ ಯಾವಾಗಲೂ ಧನ. ಎಡತುದಿಗಳು ಹಿಂದೆ ಸರಿಯುವುದಿಲ್ಲ, ಬಲತುದಿಗಳು ಮುಂದೆ ಹೋಗುವುದಿಲ್ಲ, ಎರಡರ ನಡುವಿನ ದೂರ ಕರಗುತ್ತಾ ಹೋಗುತ್ತದೆ. ವಾಸ್ತವ ಸಂಖ್ಯೆಗಳಲ್ಲಿ ಇವು ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಆ ಬಿಂದುವಿನಲ್ಲಿ f ನಿರಂತರ. ಎಡದಿಂದ ಬಂದಾಗ ಅದರ ಬೆಲೆ ಧನ ಆಗುವಂತಿಲ್ಲ, ಬಲದಿಂದ ಬಂದಾಗ ಋಣ ಆಗುವಂತಿಲ್ಲ. ಉಳಿದದ್ದು 0 ಮಾತ್ರ. ನಮ್ಮ ಸಮೀಕರಣದಲ್ಲಿ ಆ ಬಿಂದು ಸುಮಾರು 1.328.

ಇಲ್ಲಿ ಒಂದು ಎಚ್ಚರಿಕೆ. ಈ ಅರ್ಧ ಮಾಡುವ ಕೆಲಸ ನಮ್ಮನ್ನು ಒಂದು ಮೂಲದತ್ತ ಕರೆದೊಯ್ಯಿತು. ದಾರಿಯಲ್ಲಿ ನಾವು ಬಿಟ್ಟುಬಂದ ಅರ್ಧಗಳಲ್ಲಿ ಏನಿತ್ತು ಎಂದು ಅದು ಹೇಳಲಿಲ್ಲ. ಒಂದು ತುಂಡಿನ ಎರಡೂ ತುದಿಗಳಲ್ಲಿ ಒಂದೇ ಚಿಹ್ನೆ ಇದ್ದರೆ ಒಳಗೆ ಮೂಲ ಇಲ್ಲ ಎಂದು ಅರ್ಥವಲ್ಲ. ಎರಡು ಮೂಲಗಳು ಒಟ್ಟಿಗೆ ಅಡಗಿದ್ದರೂ ತುದಿಗಳ ಚಿಹ್ನೆ ಹಾಗೆಯೇ ಇರುತ್ತದೆ. ಹಾಗಾಗಿ ಮಧ್ಯಮ ಮೌಲ್ಯ ಪ್ರಮೇಯ "ಇದೆ" ಎನ್ನಬಲ್ಲದು, "ಇಷ್ಟೇ ಇದೆ" ಎನ್ನಲಾರದು.

ಈ ಸಮೀಕರಣದಲ್ಲಿ 1 ಮತ್ತು 2 ಕೈಗೆ ಸಿಕ್ಕವು. ಸಂಖ್ಯೆಗಳು ಅಡ್ಡಾದಿಡ್ಡಿಯಾಗಿದ್ದರೆ ಏನು ಮಾಡುವುದು ಎಂದು ಯಾರೋ ಹಿಂದಿನಿಂದ ಕೇಳಿದರು. x³ + ax² + bx + c ಯಾವುದೇ ಇರಲಿ, M = 1 + |a| + |b| + |c| ಎಂದು ತೆಗೆದುಕೊಳ್ಳಿ. M ಕನಿಷ್ಠ 1 ಆಗಿರುವುದರಿಂದ, x = M ಆದಾಗ ಕೊನೆಯ ಮೂರು ಪದಗಳೆಲ್ಲ ಸೇರಿದರೂ ಅವುಗಳ ಗಾತ್ರ (M − 1)M² ದಾಟುವುದಿಲ್ಲ. ಅದು M³ಗಿಂತ ಕಡಿಮೆ. ಆದ್ದರಿಂದ M³ ಗೆಲ್ಲುತ್ತದೆ, ಬೆಲೆ ಧನ. x = −M ಆದಾಗ ಇದೇ ಕಾರಣಕ್ಕೆ ಬೆಲೆ ಋಣ. ಅಂದರೆ ವಾಸ್ತವ ಗುಣಕಗಳಿರುವ ಪ್ರತಿಯೊಂದು ಘನ ಬಹುಪದೋಕ್ತಿಗೂ ಕನಿಷ್ಠ ಒಂದು ವಾಸ್ತವ ಮೂಲ ಇದ್ದೇ ಇದೆ. ಘನದ ವಿಷಯದಲ್ಲಿ ಮೊದಲ ಅರ್ಧ ಯಾವತ್ತೂ ಸೋಲುವುದಿಲ್ಲ. ಕಷ್ಟ ಇರುವುದೆಲ್ಲ ಎರಡನೇ ಅರ್ಧದಲ್ಲಿ.

ಈಗ ಎರಡನೇ ಅರ್ಧಕ್ಕೆ ಬರೋಣ. ಒಂದಕ್ಕಿಂತ ಜಾಸ್ತಿ ಮೂಲ ಇಲ್ಲ ಎಂದು ತೋರಿಸುವುದು ಹೇಗೆ? ಕೊನೆಯಿಲ್ಲದಷ್ಟು ಸಂಖ್ಯೆಗಳಿವೆ, ಒಂದೊಂದನ್ನೇ ಹಾಕಿ ನೋಡಲು ಆಗುವುದಿಲ್ಲ. ಹಾಗಾಗಿ ಎರಡು ಮೂಲಗಳಿವೆ ಎಂದು ಒಪ್ಪಿಕೊಂಡು, ಅದರಿಂದ ಏನಾಗುತ್ತದೆ ನೋಡುವುದು. p ಮತ್ತು q ಎರಡು ಮೂಲಗಳು, p ಚಿಕ್ಕದು ಎಂದುಕೊಳ್ಳಿ. ಗೆರೆ p ಹತ್ತಿರ ಅಡ್ಡರೇಖೆಯ ಮೇಲಿದೆ, q ಹತ್ತಿರ ಮತ್ತೆ ಅಡ್ಡರೇಖೆಗೆ ಬಂದಿದೆ. ಮೇಲೆ ಹೋಗಿದ್ದರೆ ಎಲ್ಲೋ ತಿರುಗಿ ಕೆಳಗೆ ಬಂದಿರಬೇಕು. ಕೆಳಗೆ ಹೋಗಿದ್ದರೆ ಎಲ್ಲೋ ತಿರುಗಿ ಮೇಲೆ ಬಂದಿರಬೇಕು. ತಿರುಗುವ ಜಾಗದಲ್ಲಿ ಗೆರೆ ಮಟ್ಟಸವಾಗಿರುತ್ತದೆ, ಅಂದರೆ ಇಳಿಜಾರು 0. ಇದೇ ರೋಲ್ ಪ್ರಮೇಯ. ಎರಡು ಮೂಲಗಳ ನಡುವೆ ಇಳಿಜಾರು 0 ಆಗುವ ಬಿಂದು ಕನಿಷ್ಠ ಒಂದು ಇರುತ್ತದೆ.

ಮಿಷೆಲ್ ರೋಲ್ ಎನ್ನುವ ಫ್ರೆಂಚ್ ಗಣಿತಜ್ಞರು 1691ರಲ್ಲಿ ಇದನ್ನು ಪ್ರಕಟಿಸಿದ್ದು ಬಹುಪದೋಕ್ತಿಗಳಿಗಾಗಿಯೇ, ಸಮೀಕರಣಗಳ ಮೂಲಗಳನ್ನು ಬೇರ್ಪಡಿಸುವ ಕೆಲಸಕ್ಕಾಗಿ. ಆಗಿನ ಹೊಸ ಕಲನಶಾಸ್ತ್ರದ ಬಗ್ಗೆ ಅವರಿಗೆ ನಂಬಿಕೆ ಇರಲಿಲ್ಲ, ಪ್ಯಾರಿಸ್‌ನ ಅಕಾಡೆಮಿಯಲ್ಲಿ ಅದರ ವಿರುದ್ಧ ವಾದಿಸಿದವರು ಅವರು. ಈಗ ಅವರ ಹೆಸರು ಕಲನಶಾಸ್ತ್ರದ ಪ್ರತಿ ಪುಸ್ತಕದಲ್ಲೂ ಇದೆ. ನಾವು ಇವತ್ತು ಈ ಪ್ರಮೇಯವನ್ನು ಬಳಸುತ್ತಿರುವುದು ಅವರಿಗೆ ಬೇಕಿದ್ದ ಕೆಲಸಕ್ಕೇ, ಅದು ನನಗೆ ಖುಷಿಯ ವಿಷಯ.

ಪ್ರಮೇಯದ ಕಾರಣವನ್ನು ಹತ್ತಿರದಿಂದ ನೋಡೋಣ. ಅದು ಗೊತ್ತಿದ್ದರೆ ಷರತ್ತುಗಳನ್ನು ಬಾಯಿಪಾಠ ಮಾಡಬೇಕಿಲ್ಲ. p ಮತ್ತು q ನಡುವೆ f ಎಲ್ಲೋ ಧನ ಆಗಿದೆ ಎಂದುಕೊಳ್ಳಿ. ಮುಚ್ಚಿದ ಮಧ್ಯಂತರದಲ್ಲಿ ನಿರಂತರವಾದ ಫಂಕ್ಷನ್ ತನ್ನ ಅತಿ ದೊಡ್ಡ ಬೆಲೆಯನ್ನು ಯಾವುದೋ ಬಿಂದುವಿನಲ್ಲಿ ನಿಜವಾಗಿಯೂ ಮುಟ್ಟುತ್ತದೆ. ಆ ಬಿಂದು c ಎನ್ನೋಣ. ಅಲ್ಲಿನ ಬೆಲೆ ಧನ, ತುದಿಗಳಲ್ಲಿ ಬೆಲೆ 0, ಹಾಗಾಗಿ c ತುದಿಯಲ್ಲಿಲ್ಲ, ಒಳಗೇ ಇದೆ. ಈಗ c ಇಂದ ಬಲಕ್ಕೆ ಸ್ವಲ್ಪ ಸರಿಯಿರಿ. ಬೆಲೆ ಹೆಚ್ಚುವಂತಿಲ್ಲ, ಏಕೆಂದರೆ c ಹತ್ತಿರವೇ ಅತಿ ದೊಡ್ಡದು. ಆದ್ದರಿಂದ ಬಲಗಡೆಯಿಂದ ಅಳೆದ ಇಳಿಜಾರು 0 ಅಥವಾ ಅದಕ್ಕಿಂತ ಕಡಿಮೆ. ಎಡಕ್ಕೆ ಸರಿದರೂ ಬೆಲೆ ಹೆಚ್ಚುವಂತಿಲ್ಲ, ಆದರೆ ಈಗ ಭಾಗಿಸುವ ಸಂಖ್ಯೆ ಋಣ. ಆದ್ದರಿಂದ ಎಡಗಡೆಯಿಂದ ಅಳೆದ ಇಳಿಜಾರು 0 ಅಥವಾ ಅದಕ್ಕಿಂತ ಜಾಸ್ತಿ. c ಬಿಂದುವಿನಲ್ಲಿ ಇಳಿಜಾರು ಎನ್ನುವುದು ಒಂದೇ ಸಂಖ್ಯೆ. ಅದು 0ಗಿಂತ ಮೇಲಿರುವಂತಿಲ್ಲ, ಕೆಳಗಿರುವಂತಿಲ್ಲ. ಹಾಗಾದರೆ ಅದು 0. f ಎಲ್ಲೋ ಋಣ ಆಗಿದ್ದರೆ ಅತಿ ಚಿಕ್ಕ ಬೆಲೆಯನ್ನು ಹಿಡಿದು ಇದೇ ಮಾತು ಹೇಳಬಹುದು. ನಡುವೆಲ್ಲ ಬರೀ 0 ಆಗಿದ್ದರೆ ಇಳಿಜಾರೂ ಎಲ್ಲೆಡೆ 0.

"ಒಂದೇ ಸಂಖ್ಯೆ" ಎನ್ನುವ ಜಾಗದಲ್ಲಿ ಪ್ರಮೇಯದ ಜೀವ ಇದೆ. |x| − 1 ಎನ್ನುವ ಫಂಕ್ಷನ್ ನೋಡಿ. ಅದಕ್ಕೆ −1 ಮತ್ತು 1 ಎಂಬ ಎರಡು ಮೂಲಗಳಿವೆ. ನಡುವೆ ಇಳಿಜಾರು ಒಂದೋ −1, ಇಲ್ಲವೋ 1. 0 ಎಲ್ಲೂ ಇಲ್ಲ. ತಿರುಗುವ ಜಾಗದಲ್ಲಿ, ಅಂದರೆ x = 0ಯಲ್ಲಿ ಮೊನೆ ಇದೆ. ಎಡದ ಇಳಿಜಾರು, ಬಲದ ಇಳಿಜಾರು ಬೇರೆ ಬೇರೆ, ಒಟ್ಟು ಇಳಿಜಾರು ಎನ್ನುವುದೇ ಇಲ್ಲ. ಬಹುಪದೋಕ್ತಿಗಳಿಗೆ ಮೊನೆ ಇರುವುದಿಲ್ಲ, ಹಾಗಾಗಿ ನಮ್ಮ ಕೆಲಸಕ್ಕೆ ತೊಂದರೆಯಿಲ್ಲ. ಆದರೂ ಸಾಧನೆ ಬರೆಯುವಾಗ "f ಬಹುಪದೋಕ್ತಿ, ಆದ್ದರಿಂದ ಎಲ್ಲೆಡೆ ನಿರಂತರ, ಎಲ್ಲೆಡೆ ಡೆರಿವೇಟಿವ್, ಅಂದರೆ ಇಳಿಜಾರು, ಇದೆ" ಎನ್ನುವ ಒಂದು ಸಾಲು ಬೇಕೇ ಬೇಕು.

ಇನ್ನು ಸಾಧನೆ ಮುಗಿಸೋಣ. ನಮ್ಮ f ಇದರ ಡೆರಿವೇಟಿವ್ 3x² + 2. ಎರಡು ಮೂಲಗಳಿದ್ದರೆ, ರೋಲ್ ಪ್ರಮೇಯದ ಪ್ರಕಾರ ಅವುಗಳ ನಡುವೆ 3c² + 2 = 0 ಆಗುವ ವಾಸ್ತವ ಸಂಖ್ಯೆ c ಇರಬೇಕು. ಆದರೆ c² ಯಾವತ್ತೂ ಋಣ ಆಗುವುದಿಲ್ಲ. 3c² + 2 ಯಾವಾಗಲೂ ಕನಿಷ್ಠ 2. ಅದು 0 ಆಗಲು ಸಾಧ್ಯವೇ ಇಲ್ಲ. ನಾವು ಒಪ್ಪಿಕೊಂಡದ್ದೇ ತಪ್ಪು. ಎರಡು ಮೂಲಗಳಿಲ್ಲ. ಕನಿಷ್ಠ ಒಂದು ಇದೆ ಎಂದು ಆಗಲೇ ತೋರಿಸಿದ್ದೇವೆ. ಆದ್ದರಿಂದ ಸರಿಯಾಗಿ ಒಂದು.

ಸಾಧನೆ ಇಷ್ಟೇ. ಬರೆದರೆ ಆರು ಸಾಲು. ಆದರೆ ಎರಡೂ ಅರ್ಧ ಬೇಕು ಎನ್ನುವುದನ್ನು ಇನ್ನೊಮ್ಮೆ ಒತ್ತಿ ಹೇಳುತ್ತೇನೆ. ಡೆರಿವೇಟಿವ್ 0 ಆಗುವುದಿಲ್ಲ, ಆದ್ದರಿಂದ ಒಂದು ಮೂಲ ಇದೆ ಎಂದು ಬರೆದವರಿಗೆ eˣ ಎನ್ನುವ ಫಂಕ್ಷನ್ ತೋರಿಸಿ. ಅದರ ಡೆರಿವೇಟಿವ್ ಎಲ್ಲೂ 0 ಆಗುವುದಿಲ್ಲ. ಮೂಲವೂ ಎಲ್ಲೂ ಇಲ್ಲ. ರೋಲ್ ಪ್ರಮೇಯ ಮೂಲಗಳನ್ನು ಹುಟ್ಟಿಸುವುದಿಲ್ಲ, ಅವುಗಳ ಸಂಖ್ಯೆಗೆ ಮೇಲಿನ ಮಿತಿ ಹಾಕುತ್ತದೆ, ಅಷ್ಟೇ.

ಈ ಹಂತದಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಎತ್ತಿದರು. "ಸರ್, 3x² + 2 ಯಾವಾಗಲೂ ಧನ. ಹಾಗಾಗಿ f ಏರುತ್ತಲೇ ಹೋಗುತ್ತದೆ. ಏರುತ್ತಲೇ ಹೋಗುವುದು 0ಯನ್ನು ಒಂದೇ ಸಲ ದಾಟುತ್ತದೆ. ರೋಲ್ ಯಾಕೆ ಬೇಕು?" ವಾದ ಸರಿಯಾಗಿಯೇ ಇದೆ. ಆದರೆ ಇಳಿಜಾರು ಎಲ್ಲ ಕಡೆ ಧನ ಆಗಿದ್ದರೆ ಫಂಕ್ಷನ್ ಏರುತ್ತಲೇ ಹೋಗುತ್ತದೆ ಎಂದು ನಮಗೆ ಹೇಗೆ ಗೊತ್ತು? ಅದನ್ನು ಸಾಮಾನ್ಯವಾಗಿ ಸಾಧಿಸುವುದು ಸರಾಸರಿ ಮೌಲ್ಯ ಪ್ರಮೇಯದಿಂದ. ಆ ಪ್ರಮೇಯವನ್ನು ಸಾಧಿಸುವುದು ರೋಲ್ ಪ್ರಮೇಯದಿಂದ. ಸುತ್ತಿ ಬಳಸಿ ಬಂದರೂ ಕಾಲು ನಿಲ್ಲುವುದು ಅಲ್ಲೇ. ನೇರವಾಗಿ ಹೋಗುವುದು ನನಗೆ ಇಷ್ಟ.

ಈಗ ವಿಷಯ ರುಚಿಕಟ್ಟಾಗುವ ಜಾಗಕ್ಕೆ ಬಂದೆವು. ಸಮೀಕರಣದಲ್ಲಿ ಒಂದೇ ಒಂದು ಚಿಹ್ನೆ ಬದಲಾಯಿಸುತ್ತೇನೆ.

x³ − 2x − 5 = 0

ಇದು ಹೆಸರುವಾಸಿಯಾದ ಸಮೀಕರಣ. ಮೂಲವನ್ನು ಹಂತ ಹಂತವಾಗಿ ಹತ್ತಿರ ಹತ್ತಿರ ಹಿಡಿಯುವ ತಮ್ಮ ವಿಧಾನವನ್ನು ತೋರಿಸಲು ನ್ಯೂಟನ್ ಆರಿಸಿಕೊಂಡದ್ದು ಇದನ್ನೇ. ಮೂಲ ಸುಮಾರು 2.0946. ಇದಕ್ಕೂ ಒಂದೇ ಮೂಲ. ಈಗ ಹಿಂದಿನ ಸಾಧನೆಯನ್ನು ಹಾಗೆಯೇ ಓಡಿಸಿ ನೋಡಿ. ಇರುವಿಕೆಗೆ ತೊಂದರೆಯಿಲ್ಲ. g(x) = x³ − 2x − 5 ಎಂದರೆ g(2) = −1, g(3) = 16. ಆದರೆ ಡೆರಿವೇಟಿವ್ 3x² − 2. ಅದು x² = 2/3 ಆದಾಗ, ಅಂದರೆ x ಸುಮಾರು 0.816 ಮತ್ತು −0.816 ಆದಾಗ 0 ಆಗುತ್ತದೆ. ವೈರುಧ್ಯ ಸಿಗಲಿಲ್ಲ. ಸಾಧನೆ ಕೈಕೊಟ್ಟಿತು.

ಇಲ್ಲಿ ಎರಡು ತಪ್ಪು ತೀರ್ಮಾನಗಳು ಕಾಯುತ್ತಿರುತ್ತವೆ. "ಇಳಿಜಾರು 0 ಆಗುವ ಎರಡು ಜಾಗಗಳಿವೆ, ಹಾಗಾಗಿ ಮೂರು ಮೂಲಗಳಿವೆ" ಎನ್ನುವುದು ಒಂದು. ಇದು ಪ್ರಮೇಯವನ್ನು ತಲೆಕೆಳಗೆ ಓದಿದಂತೆ. ಎರಡು ಮೂಲಗಳಿದ್ದರೆ ನಡುವೆ ಮಟ್ಟಸ ಜಾಗ ಇರುತ್ತದೆ ಎಂದಿತ್ತು. ಮಟ್ಟಸ ಜಾಗ ಇದ್ದರೆ ಅದರ ಎರಡೂ ಬದಿಯಲ್ಲಿ ಮೂಲ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. "ರೋಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ" ಎನ್ನುವುದು ಇನ್ನೊಂದು. ಬರುತ್ತದೆ. ಆದರೆ ಮೊದಲು ಮೂಲಗಳು ಎಲ್ಲಿರಲು ಸಾಧ್ಯ ಎನ್ನುವುದನ್ನು ನಾವು ಸ್ವಲ್ಪ ಕಿರಿದು ಮಾಡಿಕೊಡಬೇಕು.

x(x² − 2) − 5 ಎಂದು ಬರೆದುಕೊಳ್ಳಿ. x ಬೆಲೆ 0 ಮತ್ತು 1ರ ನಡುವೆ ಇದ್ದರೆ x² − 2 ಋಣ, ಆದ್ದರಿಂದ ಮೊದಲ ಭಾಗ ಧನ ಆಗುವುದಿಲ್ಲ. ಒಟ್ಟು ಬೆಲೆ −5 ಅಥವಾ ಇನ್ನೂ ಕಡಿಮೆ. x ಬೆಲೆ −√2 ಅಥವಾ ಅದಕ್ಕಿಂತ ಎಡಕ್ಕಿದ್ದರೆ, x ಋಣ, x² − 2 ಋಣ ಅಲ್ಲ, ಗುಣಲಬ್ಧ ಮತ್ತೆ ಧನ ಆಗುವುದಿಲ್ಲ. −√2 ಮತ್ತು 0 ನಡುವೆ ಮಾತ್ರ ಗುಣಲಬ್ಧ ಧನ. ಅಲ್ಲಿಯೂ x ಗಾತ್ರ √2 ದಾಟುವುದಿಲ್ಲ, ಇನ್ನೊಂದು ಅಂಶ 2 ದಾಟುವುದಿಲ್ಲ. ಗುಣಲಬ್ಧ 2√2 ಒಳಗೇ, ಅಂದರೆ 3ಕ್ಕಿಂತ ಕಡಿಮೆ. 3ರಿಂದ 5 ಕಳೆದರೆ −2. ಆದ್ದರಿಂದ x ಬೆಲೆ 1 ಅಥವಾ ಅದಕ್ಕಿಂತ ಕಡಿಮೆ ಇರುವಲ್ಲೆಲ್ಲ g ಖಂಡಿತ ಋಣ. ಅಲ್ಲಿ ಮೂಲವೇ ಇಲ್ಲ.

ಎಲ್ಲ ಮೂಲಗಳೂ 1ರ ಬಲಕ್ಕೆ ಇರಲೇಬೇಕು ಎಂದಾಯಿತು. ಈಗ ರೋಲ್ ಅವರನ್ನು ಕರೆಯಿರಿ. 1ರ ಬಲಕ್ಕೆ ಎರಡು ಮೂಲಗಳಿದ್ದರೆ, ಅವುಗಳ ನಡುವೆ, ಅಂದರೆ 1ರ ಬಲಕ್ಕೇ, ಇಳಿಜಾರು 0 ಆಗುವ ಬಿಂದು ಇರಬೇಕು. ಆದರೆ x ಬೆಲೆ 1ಕ್ಕಿಂತ ಜಾಸ್ತಿ ಇದ್ದಾಗ 3x² − 2 ಬೆಲೆ 1ಕ್ಕಿಂತ ಜಾಸ್ತಿ. ಅದು 0 ಆಗುವುದಿಲ್ಲ. ವೈರುಧ್ಯ ಸಿಕ್ಕಿತು. ಸಾಧನೆ ಮತ್ತೆ ಎದ್ದು ನಿಂತಿತು.

ರೋಲ್ ಪ್ರಮೇಯವನ್ನು ಇಡೀ ಸಂಖ್ಯಾರೇಖೆಯ ಮೇಲೆ ಒಟ್ಟಿಗೆ ಬಳಸಬೇಕೆಂದಿಲ್ಲ. ಮಟ್ಟಸ ಜಾಗಗಳು ರೇಖೆಯನ್ನು ಮೂರು ತುಂಡು ಮಾಡುತ್ತವೆ. ಒಂದೊಂದು ತುಂಡಿನಲ್ಲಿ ಹೆಚ್ಚೆಂದರೆ ಒಂದು ಮೂಲ. ನಮ್ಮ ಕೆಲಸ, ಯಾವ ತುಂಡು ಖಾಲಿ ಎಂದು ತೋರಿಸುವುದು.

ಹಾಗಾದರೆ ಖಾಲಿಯೋ ಅಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಯಾವುದು? ಕೊನೆಯ ಸಂಖ್ಯೆ. ಇದನ್ನು ಕಣ್ಣಾರೆ ನೋಡಬೇಕು. −5 ಇದ್ದ ಜಾಗದಲ್ಲಿ −1 ಹಾಕುತ್ತೇನೆ: x³ − 2x − 1 = 0. ಡೆರಿವೇಟಿವ್ ಅದೇ 3x² − 2, ಒಂದಿಷ್ಟೂ ಬದಲಾಗಿಲ್ಲ. x = −1 ಹಾಕಿ. −1 + 2 − 1 = 0. ಒಂದು ಮೂಲ ಸಿಕ್ಕಿತು. x + 1 ಹೊರಗೆ ತೆಗೆದರೆ ಉಳಿಯುವುದು x² − x − 1. ಅದರ ಮೂಲಗಳು ಸುಮಾರು 1.618 ಮತ್ತು −0.618. ಒಟ್ಟು ಮೂರು ಮೂಲಗಳು! −1 ಮತ್ತು −0.618 ನಡುವೆ −0.816 ಕೂತಿದೆ. −0.618 ಮತ್ತು 1.618 ನಡುವೆ 0.816 ಕೂತಿದೆ. ರೋಲ್ ಹೇಳಿದಂತೆಯೇ, ಅಚ್ಚುಕಟ್ಟಾಗಿ.

ಒಂದೇ ಡೆರಿವೇಟಿವ್ ಇರುವ ಎರಡು ಘನಗಳು. ಒಂದಕ್ಕೆ ಒಂದು ಮೂಲ, ಇನ್ನೊಂದಕ್ಕೆ ಮೂರು. ಡೆರಿವೇಟಿವ್ ತೆಗೆದಾಗ ಕೊನೆಯ ಸ್ಥಿರ ಸಂಖ್ಯೆ ಅಳಿಸಿಹೋಗುತ್ತದೆ, ಹಾಗಾಗಿ ಇಳಿಜಾರಿಗೆ ಅದು ಕಾಣುವುದೇ ಇಲ್ಲ. ಆ ಸಂಖ್ಯೆ ಬದಲಾಯಿಸಿದರೆ ಇಡೀ ಗೆರೆ ಆಕಾರ ಕೆಡದೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಎಡಗಡೆಯ ಉಬ್ಬು −5 ಇದ್ದಾಗ ಅಡ್ಡರೇಖೆಯಿಂದ ಬಹಳ ಕೆಳಗೆ, ಸುಮಾರು −3.91ರಲ್ಲಿ ಇತ್ತು. −1 ಇದ್ದಾಗ ಅದು ಸುಮಾರು 0.09ರಷ್ಟು ಮೇಲೆ ತಲೆಯೆತ್ತಿತು. ಗ್ರಾಫಿನಲ್ಲಿ ಇದು ಅಡ್ಡರೇಖೆಗೆ ಅಂಟಿಕೊಂಡಂತೆಯೇ ಕಾಣುತ್ತದೆ. ಕಣ್ಣನ್ನು ನಂಬಬೇಡಿ ಎಂದು ಶುರುವಿನಲ್ಲಿ ಹೇಳಿದ್ದು ಇಂಥ ಜಾಗಗಳಿಗಾಗಿ.

ಈಗ p, q ಮೂಲಗಳಲ್ಲ, ಗುಣಕಗಳು ಎಂದುಕೊಳ್ಳಿ. x³ + px + q ಎಂದು ಬರೆದರೆ, p ಧನ ಆಗಿದ್ದಾಗ q ಏನೇ ಇರಲಿ, ಒಂದೇ ಮೂಲ. ರೋಲ್ ಒಬ್ಬರೇ ಸಾಕು. p ಋಣ ಆದರೆ q ಗಾತ್ರವನ್ನು ಕೇಳಬೇಕು. ಎರಡು ಮಟ್ಟಸ ಜಾಗಗಳಲ್ಲಿನ ಬೆಲೆಗಳು ಒಂದೇ ಚಿಹ್ನೆಯವಾದರೆ ಒಂದು ಮೂಲ, ಬೇರೆ ಬೇರೆ ಚಿಹ್ನೆಯವಾದರೆ ಮೂರು. ಆ ಎರಡು ಬೆಲೆಗಳನ್ನು ಗುಣಿಸಿ ಸರಿಪಡಿಸಿದರೆ 4p³ + 27q² ಎನ್ನುವ ಲೆಕ್ಕ ಬರುತ್ತದೆ. ಅದು ಧನ ಆದರೆ ಒಂದು, ಋಣ ಆದರೆ ಮೂರು. p = −2, q = −5 ಆದಾಗ −32 + 675 = 643. q = −1 ಆದಾಗ −32 + 27 = −5. ಎಷ್ಟು ಸಣ್ಣ ಅಂತರದಲ್ಲಿ ಮೂರು ಮೂಲಗಳು ಉಳಿದುಕೊಂಡವು ನೋಡಿ.

ಈ ಲೆಕ್ಕ 0 ಆದರೆ? p ಋಣ ಆಗಿದ್ದಾಗ ಗೆರೆ ಅಡ್ಡರೇಖೆಯನ್ನು ಒಂದು ಕಡೆ ಸುಮ್ನೆ ಮುಟ್ಟಿ ಹಿಂದಿರುಗುತ್ತದೆ, ಇನ್ನೊಂದು ಕಡೆ ದಾಟುತ್ತದೆ. ಬೇರೆ ಬೇರೆ ಮೂಲಗಳು ಎರಡು. p, q ಎರಡೂ 0 ಆದರೆ ಅದು x³ = 0, ಮೂಲ 0 ಮಾತ್ರ. ಇದರ ಡೆರಿವೇಟಿವ್ 3x² ಕೂಡ 0ಯಲ್ಲೇ 0 ಆಗುತ್ತದೆ, ಆದರೂ ಎರಡನೇ ಬೇರೆ ಮೂಲ ಇಲ್ಲ. ಡೆರಿವೇಟಿವ್ 0 ಆಗದಿರುವುದು ಒಂದೇ ಮೂಲಕ್ಕೆ ಸಾಕಾಗುವ ಷರತ್ತು, ಆದರೆ ಬೇಕೇ ಬೇಕಾದ ಷರತ್ತಲ್ಲ.

x² ಪದವೂ ಇದ್ದರೆ? x³ + ax² + bx + c ಇದರ ಡೆರಿವೇಟಿವ್ 3x² + 2ax + b. ಈ ವರ್ಗ ಬಹುಪದೋಕ್ತಿಗೆ ವಾಸ್ತವ ಮೂಲ ಇಲ್ಲದಿರುವುದು a² ಬೆಲೆ 3bಗಿಂತ ಕಡಿಮೆ ಇದ್ದಾಗ. ಹಾಗಾಗಿ ಲೆಕ್ಕ ಕೈಗೆತ್ತಿಕೊಂಡ ಕೂಡಲೇ a² ಮತ್ತು 3b ಹೋಲಿಸಿ ನೋಡಿ. ಉದಾಹರಣೆಗೆ x³ + 2x² + 3x + 7. ಇಲ್ಲಿ a² = 4, 3b = 9. ಕೊನೆಯ 7 ನೋಡುವ ಅಗತ್ಯವೇ ಇಲ್ಲ, ಒಂದೇ ಮೂಲ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಿಂದ ಬಂತು. "ಕಲನಶಾಸ್ತ್ರ ಇಲ್ಲದೆಯೇ ಇದನ್ನು ಮಾಡಬಹುದಲ್ವಾ?" ಮಾಡಬಹುದು. p ಮತ್ತು q ಎರಡೂ x³ + 2x − 5 ಇದರ ಮೂಲಗಳಾದರೆ p³ + 2p = q³ + 2q. ಒಂದೇ ಬದಿಗೆ ತಂದು ಅಪವರ್ತಿಸಿದರೆ (p − q)(p² + pq + q² + 2) = 0. p² + pq + q² ಯಾವತ್ತೂ ಋಣ ಆಗುವುದಿಲ್ಲ, ಏಕೆಂದರೆ ಅದು (p + q/2)² + 3q²/4. ಹಾಗಾಗಿ ಎರಡನೇ ಆವರಣ ಕನಿಷ್ಠ 2, ಉಳಿಯುವುದು p = q. ಸಾಧನೆ ಚೆಂದವಾಗಿದೆ, ನನಗೂ ಇಷ್ಟ. ಆದರೆ ಅದು p − q ಹೊರಗೆ ಬಂದದ್ದರ ಮೇಲೆ ನಿಂತಿದೆ. ಮೊದಲ ಸಮೀಕರಣಕ್ಕೆ ಒಂದು ಪದ ಸೇರಿಸಿ: x³ + 2x − 5 + sin x = 0. ಈಗ ಹಾಗೆ ಅಪವರ್ತಿಸಲು ಹೋದರೆ sin p − sin q ದಾರಿಗೆ ಅಡ್ಡ ನಿಲ್ಲುತ್ತದೆ. ರೋಲ್ ದಾರಿಯಲ್ಲಿ ಏನೂ ಬದಲಾಗುವುದಿಲ್ಲ. x = 1ರಲ್ಲಿ ಬೆಲೆ ಸುಮಾರು −1.16, x = 2ರಲ್ಲಿ ಸುಮಾರು 7.91, ಆದ್ದರಿಂದ ಮೂಲ ಇದೆ. ಡೆರಿವೇಟಿವ್ 3x² + 2 + cos x. cos x ಎಷ್ಟೇ ಇಳಿದರೂ −1ಕ್ಕೆ ನಿಲ್ಲುತ್ತದೆ, ಹಾಗಾಗಿ ಡೆರಿವೇಟಿವ್ ಕನಿಷ್ಠ 1. ಅದು 0 ಆಗುವುದಿಲ್ಲ, ಎರಡನೇ ಮೂಲ ಇಲ್ಲ.